ಎಲ್ಲದಕ್ಕೂ 9:3:3:1 ಬರೆದು ಸೊನ್ನೆ ತಗೊಂಡ ಕಥೆ

ಸೆಕೆಂಡ್ ಪಿಯುಸಿ ಬಯಾಲಜಿ ಟೆಸ್ಟ್‌ನಲ್ಲಿ ಒಂದು ಪ್ರಶ್ನೆ ಬಂದಿತ್ತು. R ಅಂದರೆ ದುಂಡು, r ಅಂದರೆ ಸುಕ್ಕು, Y ಅಂದರೆ ಹಳದಿ, y ಅಂದರೆ ಹಸಿರು; RrYy ಬಟಾಣಿ ಗಿಡವನ್ನು Rryy ಗಿಡದ ಜೊತೆ ಕ್ರಾಸ್ ಮಾಡಿದರೆ ಸಿಗುವ 160 ಕಾಳುಗಳಲ್ಲಿ ಸುಕ್ಕುಗಟ್ಟಿದ ಹಸಿರು ಕಾಳು ಎಷ್ಟಿರಬಹುದು? ನಾನು ನೋಡಿದ ತಕ್ಷಣ ಖುಷಿಯಾದೆ. ಎರಡು ಗುಣ ಇವೆ, ಅಂದರೆ ಡೈಹೈಬ್ರಿಡ್, ಅಂದರೆ 9:3:3:1, ಅಂದರೆ ಹದಿನಾರರಲ್ಲಿ ಒಂದು, 160ರಲ್ಲಿ 10. ಅರ್ಧ ನಿಮಿಷದಲ್ಲಿ ಉತ್ತರ ಮುಗಿಯಿತು. ಪೇಪರ್ ವಾಪಸ್ ಬಂದಾಗ ಅದರ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ದುಂಡನೆಯ ಸೊನ್ನೆ. ಸರಿಯಾದ ಉತ್ತರ 20 ಅಂತೆ.

ಸರ್ ಹತ್ತಿರ ಹೋಗಿ ಕೇಳುವ ಧೈರ್ಯ ಆಗಲಿಲ್ಲ. ಕೇಳಿದರೆ "ಚೌಕ ಹಾಕಿ ತೋರಿಸು" ಅಂತಾರೆ, ಚೌಕ ಹಾಕಲಿಕ್ಕೆ ನನಗೆ ಬರುತ್ತಿರಲಿಲ್ಲ. ಇದು ನಿಜ. ಎರಡು ಗಿಡ ಸೇರಿದರೆ ಯಾವ ಯಾವ ಕಾಳು ಬರಬಹುದು ಅಂತ ತೋರಿಸುವ ಆ ಹದಿನಾರು ಮನೆಯ ಚೌಕವನ್ನು ಹತ್ತನೇ ಕ್ಲಾಸಿನಿಂದ ನೋಡಿದ್ದೆ, ಗೈಡ್ ನೋಡಿ ಎರಡು ಸಲ ಕಾಪಿ ಕೂಡ ಮಾಡಿದ್ದೆ, ಆದರೆ ಅದರ ಮೇಲೆ ಮತ್ತು ಪಕ್ಕದಲ್ಲಿ ಬರೆಯೋ ಅಕ್ಷರಗಳು ಎಲ್ಲಿಂದ ಬರುತ್ತವೆ ಅಂತ ಯಾವತ್ತೂ ಕೇಳಿಕೊಂಡಿರಲಿಲ್ಲ. ಕೊನೆಯ ಸಾಲು ಬಾಯಿಪಾಠ ಇತ್ತಲ್ಲ, ಸಾಕು ಅಂದುಕೊಂಡಿದ್ದೆ.

ಆ ರಾತ್ರಿ ಕಲಬುರಗಿಯ ನಮ್ಮ ರೂಮಿನಲ್ಲಿ ಖಾನಾವಳಿಯ ರೊಟ್ಟಿ ತಿಂದು ಬಂದು ಚೌಕ ಹಾಕಲು ಕೂತೆ. ಮೊದಲು ಸುಲಭದ್ದು, RrYy ಮತ್ತು RrYy. ಒಂದು ಗಿಡದ ಹತ್ತಿರ ನಾಲ್ಕು ಅಕ್ಷರ ಇವೆ, ಚೌಕಕ್ಕೆ ನಾಲ್ಕು ಕಾಲಂ ಬೇಕು, ಹೊಂದಿಕೆಯಾಯಿತು ಅಲ್ವಾ? ಮೇಲೆ R, r, Y, y ಅಂತ ಬರೆದೆ. ಪಕ್ಕದಲ್ಲೂ ಅದೇ. ತುಂಬುತ್ತಾ ಹೋದೆ: RR, Rr, RY, Ry... ಹದಿನಾರು ಮನೆಯೂ ತುಂಬಿತು. ಎಣಿಸಿದರೆ ಒಂಬತ್ತೂ ಬರಲಿಲ್ಲ, ಮೂರೂ ಬರಲಿಲ್ಲ.

ನನ್ನ ಜೊತೆ ರೂಮಿನಲ್ಲಿದ್ದ ಅಣ್ಣ ಅಗ್ರಿ ಓದುತ್ತಿದ್ದ. ಮಂಚದ ಮೇಲೆ ಮಲಗಿಕೊಂಡೇ ನನ್ನ ನೋಟ್‌ಬುಕ್ ಇಣುಕಿದ. ಮೂರನೇ ಸಾಲಿನ ಒಂದು ಮನೆಯಲ್ಲಿ YY ಅಂತಿತ್ತು. ಅದರ ಮೇಲೆ ಬೆರಳಿಟ್ಟು, "ತಮ್ಮಾ, ಈ ಕಾಳು ಹಳದಿ ಅದ, ಒಪ್ಪಿದೆ. ಆಕಾರ ಎಲ್ಲದ ಇದಕ್ಕ? ದುಂಡಗದನೋ, ಸುಕ್ಕಾಗೇದನೋ?" ಅಂದ.

ನಾನು ಸುಮ್ನೆ ಕೂತೆ. ಆಕಾರವೇ ಇಲ್ಲದ ಬಟಾಣಿ ಕಾಳು ನನ್ನ ಚೌಕದಲ್ಲಿತ್ತು. ಮೊದಲ ಸಾಲಿನ ಮೊದಲ ಮನೆಯಲ್ಲಿ RR ಅಂತ ಇತ್ತು, ಅದಕ್ಕೆ ಬಣ್ಣ ಇರಲಿಲ್ಲ.

ತಪ್ಪು ಇದ್ದದ್ದು ಅಲ್ಲೇ. ಚೌಕದ ಅಂಚಿನಲ್ಲಿ ಬರೆಯುವುದು ಬಿಡಿ ಅಕ್ಷರವಲ್ಲ, ಒಂದು ಲಿಂಗಾಣು. ಪರಾಗದೊಳಗಿನ ಒಂದು ಗಂಡು ಕಣ, ಅಥವಾ ಅಂಡಾಶಯದ ಒಂದು ಅಂಡ. ಗಿಡದಲ್ಲಿ ಪ್ರತಿ ಗುಣಕ್ಕೂ ಎರಡೆರಡು ಪ್ರತಿ ಇರುತ್ತವೆ: ಆಕಾರಕ್ಕೆ R ಮತ್ತು r, ಬಣ್ಣಕ್ಕೆ Y ಮತ್ತು y. ಲಿಂಗಾಣು ಆಗುವಾಗ ಪ್ರತಿ ಜೋಡಿಯಿಂದ ಒಂದೊಂದು ಹೋಗುತ್ತದೆ. ಒಂದೇ, ಆದರೆ ತಪ್ಪದೇ ಒಂದು. ಅಂದಮೇಲೆ ಲಿಂಗಾಣುವಿನಲ್ಲಿ ಆಕಾರದ್ದೊಂದು ಅಕ್ಷರ, ಬಣ್ಣದ್ದೊಂದು ಅಕ್ಷರ ಇರಲೇಬೇಕು. R ಜೊತೆ Y ಹೋಗಬಹುದು, R ಜೊತೆ y ಹೋಗಬಹುದು, r ಜೊತೆ Y, r ಜೊತೆ y. ಹೀಗೆ ನಾಲ್ಕು ಬಗೆ: RY, Ry, rY, ry. ಕಾಲಂ ನಾಲ್ಕು ಬಂದದ್ದು ಅಕ್ಷರ ನಾಲ್ಕಿವೆ ಅಂತಲ್ಲ, ಎರಡು ಆಯ್ಕೆ ಗುಣಿಸು ಎರಡು ಆಯ್ಕೆ ಅಂತ. ಎರಡೂ ಲೆಕ್ಕ ನಾಲ್ಕಕ್ಕೇ ಬಂದು ನಿಂತದ್ದರಿಂದ ನಾನು ಇಷ್ಟು ದಿನ ಮೋಸ ಹೋಗಿದ್ದೆ.

ಅಣ್ಣ ಪೆನ್ ಕಿತ್ತುಕೊಂಡು ಅಂಚು ಮಾತ್ರ ಬರೆದುಕೊಟ್ಟ, ಒಳಗಿನದು ನಾನೇ ತುಂಬಿದೆ.

```
       RY     Ry     rY     ry
RY    RRYY   RRYy   RrYY   RrYy
Ry    RRYy   RRyy   RrYy   Rryy
rY    RrYY   RrYy   rrYY   rrYy
ry    RrYy   Rryy   rrYy   rryy
```

ಈಗ ಪ್ರತಿ ಮನೆಯಲ್ಲೂ ನಾಲ್ಕು ಅಕ್ಷರ. ಇದು ನನಗೆ ಸಿಕ್ಕ ಮೊದಲ ಪರೀಕ್ಷೆ: ಯಾವುದೇ ಮನೆಯಲ್ಲಿ ನಾಲ್ಕಕ್ಕಿಂತ ಕಮ್ಮಿ ಇದ್ದರೆ, ಅಥವಾ ಆಕಾರದ ಅಕ್ಷರವೇ ಮೂರು ಬಂದಿದ್ದರೆ, ಒಳಗೆ ಹುಡುಕುವುದು ಬೇಡ, ಅಂಚೇ ತಪ್ಪು.

ಎಣಿಸುವುದಕ್ಕೂ ಒಂದು ಉಪಾಯ ಹೇಳಿದ. ಹದಿನಾರನ್ನೂ ಒಟ್ಟಿಗೆ ನೋಡಬೇಡ, ಮೊದಲು rryy ಹುಡುಕು. ಅದು ಬಲಗಡೆ ಕೆಳಗಿನ ಮೂಲೆಯಲ್ಲಿ ಒಂದೇ ಒಂದು. ಸುಕ್ಕು, ಹಸಿರು. ಆಮೇಲೆ rr ಇದ್ದು ಒಂದಾದರೂ Y ಇರುವವು: ಮೂರು, ಸುಕ್ಕು ಹಳದಿ. yy ಇದ್ದು ಒಂದಾದರೂ R ಇರುವವು: ಮೂರು, ದುಂಡು ಹಸಿರು. ಉಳಿದ ಒಂಬತ್ತೂ ದುಂಡು ಹಳದಿ, ಯಾಕಂದರೆ R ಒಂದಿದ್ದರೂ ಕಾಳು ದುಂಡಗಾಗುತ್ತದೆ, Y ಒಂದಿದ್ದರೂ ಹಳದಿ. ಒಂಬತ್ತನ್ನು ಎಣಿಸುವ ಗೋಜೇ ಇಲ್ಲ.

ಒಂದು R ಇದ್ದರೆ ಯಾಕೆ ಸಾಕು ಅಂತ ನಾನು ಕೇಳಿದೆ, ಇದು ಗೈಡ್‌ನಲ್ಲಿ ಇರಲಿಲ್ಲ. R ಜೀನ್ ಒಂದು ಕಿಣ್ವ ಮಾಡಿಸುತ್ತದೆ, ಅದು ಕಾಳಿನೊಳಗಿನ ಪಿಷ್ಟವನ್ನು ಕವಲು ಕವಲಾಗಿ ಕಟ್ಟುತ್ತದೆ. r ಅನ್ನುವುದು ಅದೇ ಜೀನಿನ ಕೆಟ್ಟ ಪ್ರತಿ. ಎರಡೂ ಪ್ರತಿ ಕೆಟ್ಟಿದ್ದರೆ ಪಿಷ್ಟ ಸರಿಯಾಗಿ ಆಗುವುದಿಲ್ಲ, ಸಕ್ಕರೆ ಜಾಸ್ತಿ ಉಳಿಯುತ್ತದೆ, ಸಕ್ಕರೆ ನೀರು ಎಳೆದುಕೊಳ್ಳುತ್ತದೆ, ಎಳೆ ಕಾಳು ಉಬ್ಬುತ್ತದೆ, ಒಣಗಿದಾಗ ಸಿಪ್ಪೆ ಸಡಿಲಾಗಿ ಸುಕ್ಕುಗಟ್ಟುತ್ತದೆ. ಒಂದು ಒಳ್ಳೆಯ ಪ್ರತಿ ಇದ್ದರೂ ಕಾಳು ದುಂಡಗಾಗುವಷ್ಟು ಕಿಣ್ವ ಸಿಗುತ್ತದೆ. ಪ್ರಬಲ, ದುರ್ಬಲ ಅನ್ನುವ ಪದ ಕೇಳಿ R ಅನ್ನುವುದು r ಅನ್ನು ಹೊಡೆದು ಕೂರಿಸುತ್ತದೆ ಅಂತಲೇ ನಾನು ತಿಳಿದಿದ್ದೆ. ಅಲ್ಲಿ ಜಗಳವೇ ಇಲ್ಲ.

ಚೌಕ ಆಯಿತು. ಇನ್ನು ನನ್ನ ಸೊನ್ನೆಯ ಪ್ರಶ್ನೆ. ಒಂದು ಗಿಡ RrYy, ಅದರ ಲಿಂಗಾಣು ನಾಲ್ಕು ಬಗೆ. ಇನ್ನೊಂದು Rryy. ಅದರಲ್ಲಿ ಬಣ್ಣಕ್ಕೆ ಆಯ್ಕೆಯೇ ಇಲ್ಲ, ಯಾವುದನ್ನು ಕೊಟ್ಟರೂ y. ಹಾಗಾಗಿ ಲಿಂಗಾಣು ಎರಡೇ ಬಗೆ, Ry ಮತ್ತು ry. ಚೌಕ ಹದಿನಾರು ಮನೆಯದ್ದೇ ಆಗಬೇಕಿಲ್ಲ, ಇಲ್ಲಿ ಎಂಟು ಮನೆ ಸಾಕು.

```
       RY     Ry     rY     ry
Ry    RRYy   RRyy   RrYy   Rryy
ry    RrYy   Rryy   rrYy   rryy
```

ದುಂಡು ಹಳದಿ ಮೂರು, ದುಂಡು ಹಸಿರು ಮೂರು, ಸುಕ್ಕು ಹಳದಿ ಒಂದು, ಸುಕ್ಕು ಹಸಿರು ಒಂದು. 3:3:1:1. ಎಂಟರಲ್ಲಿ ಒಂದು, 160ರಲ್ಲಿ 20. ಬಂತು! ಅಂದರೆ 9:3:3:1 ಅನ್ನುವುದು ಎರಡು ಗುಣದ ಎಲ್ಲ ಕ್ರಾಸ್‌ಗೂ ಬರುವ ಉತ್ತರವಲ್ಲ. ಎರಡೂ ಗಿಡ ಎರಡೂ ಗುಣದಲ್ಲಿ ಮಿಶ್ರವಾಗಿದ್ದರೆ, RrYy ಮತ್ತು RrYy ಆಗಿದ್ದರೆ ಮಾತ್ರ ಬರುವ ಉತ್ತರ. RrYy ಅನ್ನು rryy ಜೊತೆ ಹಾಕಿದರೆ ನಾಲ್ಕೂ ಬಗೆ ಸಮ ಸಮ ಬರುತ್ತವೆ. ಅದನ್ನೂ ಆಗಲೇ ಹಾಕಿ ನೋಡಿದೆ, ನಾಲ್ಕೇ ಮನೆ.

ಮಲಗುವ ಮುಂಚೆ ಅಣ್ಣ ಇನ್ನೊಂದು ದಾರಿ ಹೇಳಿದ, ಈಗ ನಾನು ಜಾಸ್ತಿ ಬಳಸುವುದು ಅದನ್ನೇ. ಎರಡು ಗುಣವನ್ನು ಬೇರೆ ಬೇರೆ ಮಾಡಿ ಆಮೇಲೆ ಗುಣಿಸುವುದು. Rr ಮತ್ತು Rr ಸೇರಿದರೆ ಸುಕ್ಕು ಬರುವುದು ನಾಲ್ಕರಲ್ಲಿ ಒಂದು ಪಾಲು. Yy ಮತ್ತು yy ಸೇರಿದರೆ ಹಸಿರು ಬರುವುದು ಎರಡರಲ್ಲಿ ಒಂದು ಪಾಲು. 1/4 × 1/2 = 1/8. ಚೌಕ ಹಾಕದೆಯೇ ಅದೇ ಉತ್ತರ. 9 ಎಲ್ಲಿಂದ ಬಂತು ಅನ್ನುವುದೂ ಆಗಲೇ ತಿಳಿಯಿತು: ದುಂಡು 3/4, ಹಳದಿ 3/4, ಗುಣಿಸಿದರೆ 9/16.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಾಗರ ಪಂಚಮಿಗೆ ಶಹಾಪುರ ಕಡೆಯ ನಮ್ಮ ಊರಿಗೆ ಹೋದಾಗ ತಂಗಿ ಒಂದು ಪ್ರಶ್ನೆ ಎತ್ತಿದಳು. ಅವಳಿಗೆ ಈಗ ಹತ್ತನೇ ಕ್ಲಾಸು, ಅಲ್ಲೂ ಅದೇ ಪಾಠ. ಚೌಕ ತೋರಿಸಿ ದೊಡ್ಡ ಮಾಸ್ತರನಂತೆ ವಿವರಿಸುತ್ತಿದ್ದೆ. ಅವಳು, "ಹಂಗಂದ್ರ ಒಂದು ಗಿಡಕ್ಕ ಹದಿನಾರೇ ಕಾಳು ಬಿಡ್ತಾವೇನಣ್ಣ?" ಅಂದಳು. ಇಲ್ಲ ಅಂದೆ. "ಹದಿನಾರು ಕಾಳು ತಗೊಂಡ್ರ ಅದರಾಗ ಒಂದು ಸುಕ್ಕು ಹಸಿರು ಇರಲೇಬೇಕಾ?" ನನಗೆ ಹೌದು ಅನ್ನಬೇಕೋ ಇಲ್ಲ ಅನ್ನಬೇಕೋ ಗೊತ್ತಾಗಲಿಲ್ಲ.

ಆಡಿ ನೋಡೋಣ ಅಂದುಕೊಂಡೆವು. ಹಬ್ಬ ಅಂತ ಮನೆಯಲ್ಲಿ ಕವಡೆ ಹೊರಗೆ ಬಂದಿದ್ದವು. ನಾಲ್ಕು ಕವಡೆ ತಗೊಂಡೆವು. ಎರಡು ಅಪ್ಪ ಗಿಡದ್ದು, ಎರಡು ಅವ್ವ ಗಿಡದ್ದು. ಪ್ರತಿ ಗಿಡದ ಒಂದು ಕವಡೆ ಆಕಾರಕ್ಕೆ, ಇನ್ನೊಂದು ಬಣ್ಣಕ್ಕೆ, ಗುರುತಿಗೆ ಕುಂಕುಮ ಹಚ್ಚಿದೆವು. ಅಂಗಾತ ಬಿದ್ದರೆ ದೊಡ್ಡ ಅಕ್ಷರ, ಬೋರಲು ಬಿದ್ದರೆ ಸಣ್ಣ ಅಕ್ಷರ. ಒಂದು ಸಲ ನಾಲ್ಕೂ ಬಿಟ್ಟರೆ ಒಂದು ಕಾಳು ಹುಟ್ಟಿದ ಲೆಕ್ಕ. ಅವ್ವ ಅಡುಗೆ ಮನೆಯಿಂದ ನೋಡಿ, "ಓದಲಿಕತ್ತೀರೋ, ಜೂಜಾಡಲಿಕತ್ತೀರೋ?" ಅಂತ ಬೈದಳು.

64 ಸಲ ಬಿಟ್ಟೆವು. ಲೆಕ್ಕದ ಪ್ರಕಾರ 36, 12, 12, 4 ಹತ್ತಿರ ಬರಬೇಕು. ಬಂದದ್ದು 48, 7, 8, 1. ದುಂಡು ಹಳದಿ ಮಿತಿ ಮೀರಿ ಬಂದಿತ್ತು. ಎಣಿಕೆ ತಪ್ಪಿರಬೇಕು ಅಂತ ತಂಗಿ ಮೇಲೆ ರೇಗಿದೆ. ಅವಳು ಮಾತಾಡದೆ ಒಂದೇ ಕವಡೆ ತಗೊಂಡು 100 ಸಲ ಬಿಟ್ಟಳು. 63 ಸಲ ಅಂಗಾತ. ಕವಡೆಯ ಒಂದು ಬದಿ ಉಬ್ಬು, ಇನ್ನೊಂದು ಬದಿ ಚಪ್ಪಟೆ, ಎರಡೂ ಕಡೆ ಸಮನಾಗಿ ಬೀಳಬೇಕು ಅಂತ ಏನಿದೆ?

ತಪ್ಪಿದ್ದದ್ದು ನಮ್ಮ ಲೆಕ್ಕವಲ್ಲ, ಕವಡೆ. ಆದರೆ ಆ ತಪ್ಪಿನಿಂದಲೇ ನನಗೆ ಚೌಕದ ಒಳಗುಟ್ಟು ತಿಳಿಯಿತು. ಹದಿನಾರು ಮನೆಗಳೂ ಒಂದೇ ಅಳತೆಯವು ಅಂತ ನಾವು ಎಣಿಸುತ್ತೇವಲ್ಲ, ಅದು ಸುಮ್ನೆ ಬಂದದ್ದಲ್ಲ. R ಮತ್ತು r ಅರ್ಧ ಅರ್ಧ ಲಿಂಗಾಣುಗಳಿಗೆ ಹೋಗುತ್ತವೆ, Y ಮತ್ತು y ಕೂಡ ಹಾಗೇ ಹೋಗುತ್ತವೆ, ಹಾಗಾಗಿ RY, Ry, rY, ry ನಾಲ್ಕೂ ಕಾಲು ಕಾಲು ಭಾಗ ಬರುತ್ತವೆ ಅನ್ನುವ ನಂಬಿಕೆಯ ಮೇಲೆ ಆ ಮನೆಗಳು ಸಮ. ಕವಡೆಯಲ್ಲಿ ಅದು ಇರಲಿಲ್ಲ. ಅಲ್ಲಿ RY ಮನೆ ದೊಡ್ಡದು, ry ಮನೆ ಸಣ್ಣದು.

ಕವಡೆ ಬಿಟ್ಟು ನಾಣ್ಯ ತಗೊಂಡೆವು. ಎರಡು ಒಂದು ರೂಪಾಯಿ ಆಕಾರಕ್ಕೆ, ಎರಡು ಐದು ರೂಪಾಯಿ ಬಣ್ಣಕ್ಕೆ. ಸಿಂಹ ಬಂದರೆ ದೊಡ್ಡಕ್ಷರ. ಮೊದಲ 16 ಸಲಕ್ಕೆ ಬಂದದ್ದು 10, 4, 2, 0. ಸುಕ್ಕು ಹಸಿರು ಒಂದೂ ಇಲ್ಲ! ತಂಗಿ ಗೆದ್ದವಳ ಹಾಗೆ ನಕ್ಕಳು. ಆಮೇಲೆ ಕೂತು ಲೆಕ್ಕ ಮಾಡಿದೆ. ಒಂದು ಕಾಳು ಸುಕ್ಕು ಹಸಿರು ಆಗದಿರುವ ಸಾಧ್ಯತೆ 15/16. ಹದಿನಾರೂ ಕಾಳು ಹಾಗೆ ಆಗದಿರಲು 15/16 ಅನ್ನು ಹದಿನಾರು ಸಲ ಗುಣಿಸಬೇಕು. ಫೋನಿನ ಕ್ಯಾಲ್ಕುಲೇಟರ್ ಹೇಳಿದ್ದು ಸುಮಾರು 0.36. ಅಂದರೆ ಹದಿನಾರು ಹದಿನಾರು ಕಾಳಿನ ಗುಂಪು ಮಾಡುತ್ತಾ ಹೋದರೆ ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ ಗುಂಪುಗಳಲ್ಲಿ ಆ ಕಾಳು ಇರುವುದೇ ಇಲ್ಲ. ಚೌಕ ಹೇಳುವುದು ಹದಿನಾರು ಮಕ್ಕಳ ಪಟ್ಟಿಯಲ್ಲ. ಪ್ರತಿ ಕಾಳಿಗೂ ಇರುವ ಅವಕಾಶ ಎಷ್ಟು ಅಂತ ಅಷ್ಟೇ, ಮತ್ತು ಹಿಂದಿನ ಕಾಳು ಏನಾಯಿತು ಅನ್ನುವುದು ಮುಂದಿನ ಕಾಳಿಗೆ ಗೊತ್ತಿರುವುದಿಲ್ಲ.

ಹಟ ಹಿಡಿದು 160 ಸಲ ಎಸೆದೆವು. ಸಂಜೆ ತನಕ ಹಿಡಿಯಿತು, ನಡುವೆ ಉಂಡಿ ತಿನ್ನಲಿಕ್ಕೆ ಎದ್ದದ್ದೇ ಬಿಡುವು. ಬಂದದ್ದು 93, 28, 30, 9. ಬರಬೇಕಿದ್ದದ್ದು 90, 30, 30, 10. ಎಸೆತ ಜಾಸ್ತಿಯಾದಷ್ಟೂ ಪಾಲು ತನ್ನ ಜಾಗಕ್ಕೆ ಬಂದು ಕೂರುತ್ತದೆ.

ಬಟಾಣಿ ಗಿಡಗಳನ್ನು ಕ್ರಾಸ್ ಮಾಡಿ ಈ ಲೆಕ್ಕವನ್ನು ಮೊದಲು ಕಂಡುಕೊಂಡ ಮೆಂಡೆಲ್ ಎಣಿಸಿದ್ದು ಇನ್ನೂ ಜಾಸ್ತಿ. 1865ರಲ್ಲಿ ಬ್ರನೋ ಊರಿನಲ್ಲಿ ಅವರು ಓದಿ ಹೇಳಿದ ಪ್ರಯೋಗದಲ್ಲಿ 15 ಮಿಶ್ರ ಗಿಡಗಳಿಂದ 556 ಕಾಳು ಸಿಕ್ಕಿದ್ದವು. 315 ದುಂಡು ಹಳದಿ, 108 ದುಂಡು ಹಸಿರು, 101 ಸುಕ್ಕು ಹಳದಿ, 32 ಸುಕ್ಕು ಹಸಿರು. ಇಷ್ಟು ಕಾಳಿಗೆ 15 ಗಿಡ ಸಾಕಾಗಿದ್ದು ಹೇಗೆ ಅಂತ ನನಗೆ ಅನುಮಾನ ಇತ್ತು. ಆಕಾರ ಮತ್ತು ಬಣ್ಣ ಇಲ್ಲಿ ಕಾಳಿನದೇ ಗುಣ, ಅಂದರೆ ಒಳಗೆ ಕೂತ ಮರಿ ಗಿಡದ ಗುಣ. ಹಾಗಾಗಿ ಮುಂದಿನ ಪೀಳಿಗೆಯನ್ನು ನೋಡಲು ಬಿತ್ತಿ ಕಾಯಬೇಕಿಲ್ಲ, ಕಾಯಿ ಸುಲಿದರೆ ಒಂದೇ ಕಾಯಿಯೊಳಗೆ ಬೇರೆ ಬೇರೆ ಬಗೆಯ ಕಾಳು ಕಾಣುತ್ತವೆ.

ಈ ಅಂಕಿಗಳ ಜೊತೆಯೂ ನಾನು ಒಂದು ತಪ್ಪು ಮಾಡಿದೆ. ಎಲ್ಲವನ್ನೂ ಸಣ್ಣ ಅಂಕಿಯಿಂದ, ಅಂದರೆ 32ರಿಂದ ಭಾಗಿಸಿದೆ. 9.8, 3.4, 3.2, 1 ಬಂತು. ಇದೇನು ಒಂಬತ್ತಲ್ಲವಲ್ಲ, ಹತ್ತರ ಹತ್ತಿರ ಇದೆಯಲ್ಲ ಅನ್ನಿಸಿತು. ಸಣ್ಣ ಗುಂಪಿನಲ್ಲಿ ಎರಡು ಮೂರು ಕಾಳು ಕಮ್ಮಿ ಬಂದರೂ ಪಾಲಿನಲ್ಲಿ ಅದು ದೊಡ್ಡ ವ್ಯತ್ಯಾಸ. ಅದನ್ನೇ ಅಳತೆಗೋಲು ಮಾಡಿಕೊಂಡರೆ ಎಲ್ಲವೂ ಓಲುತ್ತದೆ. ಒಟ್ಟನ್ನು 16ರಿಂದ ಭಾಗಿಸಬೇಕು: 556 ÷ 16 = 34.75. ಅದು ಒಂದು ಪಾಲು. ಅದರಿಂದ ಭಾಗಿಸಿದರೆ 9.06, 3.11, 2.91, 0.92. ಈಗ ಸರಿ ಕಾಣುತ್ತದೆ.

ರಜೆ ಮುಗಿಸಿ ರೂಮಿಗೆ ಬಂದು ಅಣ್ಣನಿಗೆ ಕವಡೆ ಕಥೆ ಹೇಳಿದೆ. ಅವನು ನಕ್ಕು, ಕವಡೆ ಕೆಟ್ಟದ್ದು ಒಂದು ಬಗೆ, ಇನ್ನೊಂದು ಬಗೆ ಇದೆ ನೋಡು ಅಂತ ನಾಲ್ಕು ಅಂಕಿ ಬರೆದುಕೊಟ್ಟ. ಅದು ಸ್ವೀಟ್ ಪೀ ಅನ್ನುವ ಹೂವಿನ ಬಳ್ಳಿಯದ್ದು. ಕೇಂಬ್ರಿಜ್‌ನಲ್ಲಿ ಬೇಟ್ಸನ್ ಮತ್ತು ಪನ್ನೆಟ್ ಮಾಡಿದ್ದು, ಇಪ್ಪತ್ತನೇ ಶತಮಾನದ ಶುರುವಿನಲ್ಲಿ. ಪನ್ನೆಟ್ ಅಂದರೆ ಅದೇ, ಈ ಚೌಕಕ್ಕೆ ಯಾರ ಹೆಸರಿದೆಯೋ ಅವರು. ನೇರಳೆ ಹೂವು ಪ್ರಬಲ, ಉದ್ದ ಪರಾಗ ಪ್ರಬಲ. ಎರಡರಲ್ಲೂ ಮಿಶ್ರವಾದ ಗಿಡಗಳ ಮುಂದಿನ ಪೀಳಿಗೆಯಲ್ಲಿ 6952 ಗಿಡ. ನೇರಳೆ ಉದ್ದ 4831, ನೇರಳೆ ದುಂಡು 390, ಕೆಂಪು ಉದ್ದ 393, ಕೆಂಪು ದುಂಡು 1338. ಲೆಕ್ಕದಂತೆ ಬರಬೇಕಾದದ್ದು ಸುಮಾರು 3911, 1303, 1303, 435.

ಕವಡೆ ಓಲಿರಬೇಕು ಅಂದೆ. "ಒಂದೊಂದೇ ಗುಣ ಕೂಡಿಸಿ ನೋಡು" ಅಂದ. ನೇರಳೆ ಒಟ್ಟು 5221, ಕೆಂಪು 1731. ಸರಿಯಾಗಿ ಮೂರಕ್ಕೆ ಒಂದು! ಉದ್ದ 5224, ದುಂಡು 1728. ಅದೂ ಮೂರಕ್ಕೆ ಒಂದು. ಎರಡೂ ನಾಣ್ಯ ಚೆನ್ನಾಗೇ ಇವೆ. ಆದರೂ ಒಟ್ಟಿಗೆ ನೋಡಿದರೆ 9:3:3:1 ಇಲ್ಲ. ನಮ್ಮ ಕವಡೆಯಲ್ಲಿ ಹೀಗಿರಲಿಲ್ಲ. ಅಲ್ಲಿ ಒಂದೊಂದು ಗುಣವೇ ಕೆಟ್ಟಿತ್ತು, 64ರಲ್ಲಿ ಸುಕ್ಕು ಒಟ್ಟು 9 ಮಾತ್ರ, 16 ಇರಬೇಕಿತ್ತು.

ಎರಡು ನಾಣ್ಯಗಳನ್ನು ಗೋಂದು ಹಚ್ಚಿ ಅಂಟಿಸಿ ಎಸೆದರೆ ಹೀಗಾಗುತ್ತದೆ. ಪ್ರತಿ ನಾಣ್ಯವೂ ಅರ್ಧ ಸಲ ಸಿಂಹ ತೋರಿಸುತ್ತದೆ, ಆದರೆ ಎರಡೂ ಜೊತೆಯಲ್ಲೇ ಬೀಳುತ್ತವೆ. ಹೂವಿನ ಬಣ್ಣದ ಜೀನು ಮತ್ತು ಪರಾಗದ ಆಕಾರದ ಜೀನು ಒಂದೇ ವರ್ಣತಂತುವಿನ ಮೇಲೆ ಹತ್ತಿರ ಹತ್ತಿರ ಕೂತಿವೆ, ಹಾಗಾಗಿ ಲಿಂಗಾಣುವಿಗೆ ಹೋಗುವಾಗ ಅಪ್ಪ ಅವ್ವನಿಂದ ಬಂದ ಜೋಡಿಯಾಗಿಯೇ ಹೆಚ್ಚು ಹೋಗುತ್ತವೆ. ಅಂಟು ಪೂರ್ತಿ ಗಟ್ಟಿಯಲ್ಲ, ಒಮ್ಮೊಮ್ಮೆ ಬಿಟ್ಟುಕೊಳ್ಳುತ್ತದೆ, ಆ 390 ಮತ್ತು 393 ಬಂದದ್ದು ಹಾಗೆ. ಬೇಟ್ಸನ್ ಮತ್ತು ಪನ್ನೆಟ್‌ಗೆ ಇದು ಯಾಕೆ ಅಂತ ಸರಿಯಾಗಿ ಗೊತ್ತಾಗಲಿಲ್ಲ. ಮುಂದೆ ಮಾರ್ಗನ್ ಹಣ್ಣಿನ ನೊಣಗಳನ್ನು ಎಣಿಸಿ ಅದನ್ನು ಬಿಡಿಸಿದರು. ಮೆಂಡೆಲ್ ಎಣಿಸಿದ ಕಾಳಿನ ಆಕಾರ ಮತ್ತು ಬಣ್ಣದ ಜೀನುಗಳು ಬೇರೆ ಬೇರೆ ವರ್ಣತಂತುವಿನ ಮೇಲಿವೆ, ಅಲ್ಲಿ ಅಂಟಿನ ಮಾತೇ ಇಲ್ಲ.

ಮುಂದಿನ ಟೆಸ್ಟ್‌ನಲ್ಲಿ ನಾಲ್ಕು ಅಂಕಿ ಕೊಟ್ಟು ಈ ಜೀನುಗಳು ಸ್ವತಂತ್ರವೋ ಜೊತೆಯಾಗಿವೆಯೋ ಅಂತ ಕೇಳಿದ್ದರು. ನಾನು ಚೌಕ ಹಾಕಲೇ ಇಲ್ಲ. ಮೊದಲು ಒಂದೊಂದು ಗುಣವನ್ನು ಕೂಡಿಸಿದೆ, ಎರಡೂ ಮೂರಕ್ಕೆ ಒಂದು ಬಂತು, ಆಮೇಲೆ ಒಟ್ಟನ್ನು 16ರಿಂದ ಭಾಗಿಸಿದೆ. ಪಕ್ಕದವನು ಇಣುಕಿ ನೋಡಿ, ಇದೇನು ಇವನು ಲೆಕ್ಕದ ಪೇಪರ್ ಬರೀತಿದ್ದಾನಾ ಅನ್ನುವ ಹಾಗೆ ಮುಖ ಮಾಡಿದ.